ನಿಂತು ಸಾಗುವ ದಟ್ಟಣೆಯಲ್ಲಿ ಕಾರಿನ ಅದುರಾಟ: ಒಣ ಜೋಡಿ ಕ್ಲಚ್ಚಿನ ಸವೆತ, ತಂತ್ರಾಂಶ ಮತ್ತು ಎಣ್ಣೆ

2018ರ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಫೋರ್ಡ್ ಸಂಸ್ಥೆಯ ಅಲ್ಲಿನ ಅಂಗಕ್ಕೆ 1 ಕೋಟಿ ಡಾಲರ್ ದಂಡ ವಿಧಿಸಿತು. ಫಿಯೆಸ್ಟಾ, ಫೋಕಸ್, ಎಕೋಸ್ಪೋರ್ಟ್ ಎಂಬ ಮೂರು ಕಾರುಗಳಲ್ಲಿ ಅಳವಡಿಸಿದ್ದ ‘ಪವರ್‌ಶಿಫ್ಟ್’ ಹೆಸರಿನ ಜೋಡಿ ಕ್ಲಚ್ಚಿನ ಗಿಯರ್‌ಬಾಕ್ಸು ಅದುರುತ್ತದೆ ಎಂಬ ದೂರುಗಳನ್ನು ಸಂಸ್ಥೆಯು ನಡೆಸಿಕೊಂಡ ರೀತಿ ಅನ್ಯಾಯದ್ದು ಎಂಬುದು ತೀರ್ಪಿನ ಸಾರ. ಅಂಥ ಸುಮಾರು 70,000 ಕಾರುಗಳು ಆ ದೇಶದಲ್ಲಿ ಮಾರಾಟವಾಗಿದ್ದವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಮ್ಮೆಯಾದರೂ ಗಿಯರ್‌ಬಾಕ್ಸಿನ ದುರಸ್ತಿಗೆ ಬಂದಿದ್ದವು. ಹಾಗಿದ್ದರೂ, ಅದುರಾಟಕ್ಕೆ ನೀವು ಕಾರು ಓಡಿಸುವ ರೀತಿಯೇ ಕಾರಣ ಎಂದು ಹಲವು ಗ್ರಾಹಕರಿಗೆ ಹೇಳಲಾಗಿತ್ತು.

ಈ ಮಾತನ್ನು ಇಂದಿಗೂ ಅನೇಕರು ಸರ್ವಿಸ್ ಕೇಂದ್ರದ ಕಟ್ಟೆಯ ಮುಂದೆ ನಿಂತು ಕೇಳುತ್ತಿದ್ದಾರೆ. ಸಿಡ್ನಿಯ ಸಂಜೆಯ ದಟ್ಟಣೆಯಲ್ಲಿರಲಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿರಲಿ, ಆಮೆಯ ನಡೆಯಲ್ಲಿ ಸಾಗುವಾಗ ಕಾರು ಸಣ್ಣ ಜ್ವರದ ನಡುಕದಂತೆ ಅದುರಿದರೆ ಯಜಮಾನನಿಗೆ ಸಿಗುವ ಉತ್ತರಗಳು ಮೂರು: ಇದು ಈ ಬಗೆಯ ಗಿಯರ್‌ಬಾಕ್ಸಿನ ಸಹಜ ಗುಣ, ತಂತ್ರಾಂಶ ಹೊಸದು ಮಾಡಿದರೆ ಸರಿಹೋಗುತ್ತದೆ, ಎಣ್ಣೆ ಬದಲಿಸಿ ನೋಡೋಣ. ಈ ಮೂರರಲ್ಲಿ ಯಾವುದು ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ಒಣ ಕ್ಲಚ್ಚಿನ ಗಿಯರ್‌ಬಾಕ್ಸನ್ನು ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಜೋಡಿ ಕ್ಲಚ್ಚಿನ ರಚನೆ

ಹೊರನೋಟಕ್ಕೆ ಇದು ಆಟೋಮ್ಯಾಟಿಕ್ ಕಾರು. ಒಳಗಿರುವುದು ಎರಡು ಮ್ಯಾನ್ಯುಯಲ್ ಗಿಯರ್‌ಬಾಕ್ಸುಗಳು. ಒಂದು ಕ್ಲಚ್ಚು 1, 3, 5, 7 ಎಂಬ ಬೆಸ ಗಿಯರುಗಳನ್ನು ಹೊರುತ್ತದೆ. ಇನ್ನೊಂದು 2, 4, 6 ಎಂಬ ಸಮ ಗಿಯರುಗಳನ್ನೂ, ಒಣ ಬಗೆಯ ಪ್ರಸಿದ್ಧ ಪೆಟ್ಟಿಗೆಗಳಲ್ಲಿ ರಿವರ್ಸನ್ನೂ ಹೊರುತ್ತದೆ. ಒಂದು ಗಿಯರಿನಲ್ಲಿ ಕಾರು ಓಡುತ್ತಿರುವಾಗಲೇ ಮುಂದಿನ ಗಿಯರು ಇನ್ನೊಂದು ದಂಡದ ಮೇಲೆ ಸಿದ್ಧವಾಗಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ನಮ್ಮ ಕಾಲು ಮಾಡಬೇಕಾದ ಕೆಲಸವನ್ನು ಇಲ್ಲಿ ಒಂದು ನಿಯಂತ್ರಕ ಗಣಕವೂ ಅದರ ಅಪ್ಪಣೆಯಂತೆ ನಡೆಯುವ ಮೋಟಾರು ಅಥವಾ ಎಣ್ಣೆಯ ಒತ್ತಡವೂ ಮಾಡುತ್ತವೆ.

ಹಳೆಯ ಬಗೆಯ ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಗಿಯರಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದ್ರವದ ಕೊಂಡಿ ಇರುತ್ತದೆ. ದ್ರವ ಎಷ್ಟು ಜಾರಿದರೂ ಸವೆಯುವುದಿಲ್ಲ. ಜೋಡಿ ಕ್ಲಚ್ಚಿನಲ್ಲಿ ಆ ಜಾರಿಕೆಯನ್ನೆಲ್ಲ ಹೊರುವುದು ಘರ್ಷಣೆಯ ತಟ್ಟೆ. ಮ್ಯಾನ್ಯುಯಲ್ ಕಾರಿನಲ್ಲಿ ಅರ್ಧ ಕ್ಲಚ್ಚು ಒತ್ತಿಕೊಂಡೇ ಮೈಲಿಗಟ್ಟಲೆ ಓಡಿಸಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ನಮ್ಮ ಕಾಲಿಗೆ ಅದು ತಿಳಿಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಜೋಡಿ ಕ್ಲಚ್ಚಿನಲ್ಲಿ ಎರಡು ಕುಲಗಳಿವೆ. ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವುದು ತೇವದ ಕ್ಲಚ್ಚು; ಗಾಳಿಯಲ್ಲಿ ತೆರೆದುಕೊಂಡಿರುವುದು ಒಣ ಕ್ಲಚ್ಚು. ಫೋಕ್ಸ್‌ವ್ಯಾಗನ್ ಬಳಗದ ಆರು ಗಿಯರಿನ ಡಿಕ್ಯೂ250 ತೇವದ್ದು, ಏಳು ಗಿಯರಿನ ಡಿಕ್ಯೂ200 ಒಣದ್ದು. ಮೇಲೆ ಹೇಳಿದ ಪವರ್‌ಶಿಫ್ಟ್ ಪೆಟ್ಟಿಗೆಯೂ ಒಣ ಕುಲದ್ದೇ. ತಮ್ಮ ಕಾರು ಯಾವುದೆಂದು ತಿಳಿಯದವರು ಕೈಪಿಡಿಯ ನಿರ್ವಹಣೆಯ ಪಟ್ಟಿಯನ್ನು ನೋಡಬಹುದು. ಗಿಯರ್‌ಬಾಕ್ಸಿನ ಎಣ್ಣೆಯನ್ನೂ ಫಿಲ್ಟರನ್ನೂ 60,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು ಎಂಬಂಥ ಸೂಚನೆ ಇದ್ದರೆ ಅದು ಬಹುಮಟ್ಟಿಗೆ ತೇವದ್ದು. ಅಂಥ ಸೂಚನೆಯೇ ಇಲ್ಲದಿದ್ದರೆ ಒಣದ್ದಿರಬಹುದೆಂದು ಊಹಿಸಿ, ಪೆಟ್ಟಿಗೆಯ ಸಂಕೇತವನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಆಮೆಯ ನಡೆಯ ಲೆಕ್ಕ

ದಟ್ಟಣೆಯೇ ಏಕೆ ಈ ಕ್ಲಚ್ಚಿಗೆ ಕಂಟಕ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಏಳು ಗಿಯರಿನ ಒಂದು ಒಣ ಪೆಟ್ಟಿಗೆಯಲ್ಲಿ ಮೊದಲ ಗಿಯರಿನ ಒಟ್ಟು ಅನುಪಾತ ಸುಮಾರು 16.7, ಎರಡನೆಯದರದು ಸುಮಾರು 10.1 ಎಂದು ಇಟ್ಟುಕೊಳ್ಳೋಣ. ಚಕ್ರದ ಸುತ್ತಳತೆ 1.95 ಮೀಟರ್, ನಿಂತಲ್ಲೇ ಉರುಳುವ ಎಂಜಿನ್ನಿನ ವೇಗ ನಿಮಿಷಕ್ಕೆ 800 ಸುತ್ತು. ಹಾಗಿದ್ದರೆ ಮೊದಲ ಗಿಯರಿನಲ್ಲಿ ಕ್ಲಚ್ಚು ಪೂರ್ತಿ ಕೂಡಿಕೊಂಡಾಗ ಕಾರಿನ ವೇಗ ಗಂಟೆಗೆ 5.6 ಕಿಲೋಮೀಟರ್, ಎರಡನೆಯದರಲ್ಲಿ 9.3 ಕಿಲೋಮೀಟರ್. ಇದಕ್ಕಿಂತ ನಿಧಾನವಾಗಿ ಸಾಗುವಾಗ ಕ್ಲಚ್ಚು ಪೂರ್ತಿ ಕೂಡಿಕೊಂಡರೆ ಎಂಜಿನ್ನು ನಿಂತುಹೋಗುತ್ತದೆ. ಆದ್ದರಿಂದ ಅದು ಜಾರುತ್ತಲೇ ಇರಬೇಕು. ಇದು ದೋಷವಲ್ಲ, ರಚನೆಯ ನಿಯಮ.

ಈಗ 1,400 ಕಿಲೋ ತೂಕದ ಕಾರು 20 ಮೀಟರಿಗೆ 1 ಮೀಟರ್ ಏರುವ ದಿಣ್ಣೆಯಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದೆ ಎನ್ನೋಣ. ಮೊದಲ ಗಿಯರಿನಲ್ಲಿದ್ದರೆ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಸುಮಾರು 110 ವ್ಯಾಟ್. ಅದೇ ವೇಗ, ಅದೇ ಏರು, ಆದರೆ ಗಿಯರು ಎರಡನೆಯದಾಗಿದ್ದರೆ ಸುಮಾರು 800 ವ್ಯಾಟ್. ಏಳು ಪಟ್ಟು ಹೆಚ್ಚು! ಎರಡನೆಯ ಗಿಯರಿನಲ್ಲಿ ಜಾರಿಕೆಯೂ ಹೆಚ್ಚು, ಹೊರಬೇಕಾದ ತಿರುಚುಬಲವೂ ಹೆಚ್ಚು. ಎರಡರ ಗುಣಲಬ್ಧವೇ ಶಾಖ. ಇನ್ನು ಅದೇ ದಿಣ್ಣೆಯಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರನ್ನು ತುಸುವೇ ಒತ್ತಿ ಕಾರನ್ನು ನಿಂತಲ್ಲೇ ಹಿಡಿದಿಟ್ಟರೆ ಮೊದಲ ಗಿಯರಿನಲ್ಲೂ 1,000 ವ್ಯಾಟ್ ಮೀರುತ್ತದೆ. ಅದು ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯ ಶಾಖ, ಮುಚ್ಚಿದ ಡಬ್ಬಿಯೊಳಗೆ. ಒತ್ತುತಟ್ಟೆಯ ಎರಕದ ಕಬ್ಬಿಣ 3 ಕಿಲೋ ಎಂದು ಇಟ್ಟುಕೊಂಡರೆ, ಶಾಖ ಹೊರಹೋಗದಿದ್ದಲ್ಲಿ ಒಂದು ನಿಮಿಷಕ್ಕೆ 40 ಡಿಗ್ರಿಗೂ ಮಿಕ್ಕಿ ಬಿಸಿಯೇರುತ್ತದೆ.

ತೇವದ ಕ್ಲಚ್ಚಿನಲ್ಲಿ ಎಣ್ಣೆ ಈ ಶಾಖವನ್ನು ಹೊತ್ತೊಯ್ದು ತಂಪುಮಾಡುತ್ತದೆ. ಒಣ ಕ್ಲಚ್ಚಿಗೆ ಆ ಆಸರೆಯಿಲ್ಲ. ಗಾಳಿಗೆ ಬಿಟ್ಟುಕೊಡುವುದೊಂದೇ ದಾರಿ, ಅದಕ್ಕೆ ಹೊತ್ತು ಬೇಕು. ದಟ್ಟಣೆಯಲ್ಲಿ ಸಿಗದಿರುವುದು ಅದೇ ಹೊತ್ತು.

ಅದುರಾಟ ಹುಟ್ಟುವ ಬಗೆ

ಜಾರುವುದು ಮತ್ತು ಅದುರುವುದು ಬೇರೆ ಬೇರೆ. ಆರೋಗ್ಯವಾದ ಕ್ಲಚ್ಚು ಸದ್ದಿಲ್ಲದೆ ಜಾರುತ್ತದೆ. ಅದುರಾಟ ಎರಡು ಕಾರಣಗಳಿಂದ ಹುಟ್ಟುತ್ತದೆ.

ಮೊದಲನೆಯದು ಘರ್ಷಣೆಯ ಸ್ವಭಾವ ಕೆಡುವುದು. ಜಾರುವ ವೇಗ ಕಡಿಮೆಯಾದಂತೆ ಹಿಡಿತ ತುಸು ಇಳಿಯಬೇಕು, ಇಲ್ಲವೇ ಸಮನಾಗಿರಬೇಕು. ಆಗ ಸಣ್ಣ ಕಂಪನ ಹುಟ್ಟಿದರೂ ತಾನಾಗಿ ಅಡಗುತ್ತದೆ. ಆದರೆ ತಟ್ಟೆಯ ಮೈ ಕಾದು ಗಾಜಿನಂತೆ ನುಣುಪಾಗಿದ್ದರೆ, ಅಥವಾ ಅದರ ಮೇಲೆ ಎಣ್ಣೆಯ ಪಸೆ ಕೂತಿದ್ದರೆ, ಈ ಸಂಬಂಧ ತಿರುಗುಮುರುಗಾಗುತ್ತದೆ. ಜಾರಿಕೆ ಕಡಿಮೆಯಾದಂತೆ ಹಿಡಿತ ಹೆಚ್ಚುತ್ತದೆ. ತಟ್ಟೆ ಕಚ್ಚುತ್ತದೆ, ದಂಡಗಳು ತಿರುಚಿಕೊಂಡು ಮತ್ತೆ ಸಡಿಲುತ್ತವೆ, ತಟ್ಟೆ ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಹಳೆಯ ಬಾಗಿಲು ತೆರೆಯುವಾಗ ಕಿರುಗುಟ್ಟುವುದೂ, ಪಿಟೀಲಿನ ತಂತಿ ಕಮಾನಿಗೆ ಮಿಡಿಯುವುದೂ ಇದೇ ತತ್ತ್ವದಿಂದ. ಕಾರಿನಲ್ಲಿ ಇದು ಸೆಕೆಂಡಿಗೆ ಸುಮಾರು ಹತ್ತರಿಂದ ಇಪ್ಪತ್ತು ಬಾರಿ ಆಗುವುದರಿಂದ ಕಿವಿಗಿಂತ ಬೆನ್ನಿಗೆ ಹೆಚ್ಚು ತಿಳಿಯುತ್ತದೆ.

ಎರಡನೆಯದು ಆಕಾರ ಕೆಡುವುದು. ಅತಿಯಾದ ಶಾಖಕ್ಕೆ ಒತ್ತುತಟ್ಟೆ ಒಂದು ಕೂದಲೆಳೆಯಷ್ಟು ಸೊಟ್ಟಗಾದರೂ ಒತ್ತಡ ಸುತ್ತಿಗೊಮ್ಮೆ ಏರಿಳಿಯುತ್ತದೆ. ಇವೆರಡನ್ನೂ ಬೇರ್ಪಡಿಸಲು ಒಂದು ಗುರುತಿದೆ. ಘರ್ಷಣೆಯ ಅದುರಾಟದ ಲಯ ಕ್ಲಚ್ಚು ಕೂಡಿಕೊಳ್ಳುವವರೆಗೂ ಒಂದೇ ಆಗಿರುತ್ತದೆ. ಆಕಾರದ ಅದುರಾಟವಾದರೋ ಜಾರಿಕೆ ಇಳಿದಂತೆ ನಿಧಾನವಾಗುತ್ತ ಹೋಗಿ ಕೊನೆಗೆ ಎರಡು ಮೂರು ಕುಲುಕುಗಳಲ್ಲಿ ಮುಗಿಯುತ್ತದೆ. ಗಮನವಿಟ್ಟು ಕೂತರೆ ಉಪಕರಣವಿಲ್ಲದೆಯೂ ಇದನ್ನು ಗುರುತಿಸಬಹುದು.

ತಂತ್ರಾಂಶ ಮಾಡಬಲ್ಲದ್ದು, ಮಾಡಲಾರದ್ದು

ಕ್ಲಚ್ಚನ್ನು ಎಷ್ಟು ದೂರ ತಳ್ಳಿದರೆ ಎಷ್ಟು ತಿರುಚುಬಲ ದಾಟುತ್ತದೆ ಎಂಬ ಕೋಷ್ಟಕವೊಂದು ನಿಯಂತ್ರಕದ ನೆನಪಿನಲ್ಲಿರುತ್ತದೆ. ಅದರ ಮೊದಲ ಸಾಲೇ ತಟ್ಟೆ ಸೋಕುವ ಬಿಂದು. ಒಂದು ಕಲ್ಪಿತ ಉದಾಹರಣೆ: 12 ಮಿಲಿಮೀಟರ್ ತಳ್ಳಿದರೆ 30 ನ್ಯೂಟನ್ ಮೀಟರ್ ಬಲ ದಾಟುತ್ತದೆ ಎಂದು ನೆನಪಿನಲ್ಲಿದೆ. ತಟ್ಟೆ ಸವೆದ ಮೇಲೆ ಅದೇ 12 ಮಿಲಿಮೀಟರಿಗೆ ದಾಟುವುದು 22 ಮಾತ್ರ. ಕಾರು ನಿರೀಕ್ಷಿಸಿದಂತೆ ಕದಲದಿರುವುದನ್ನು ಕಂಡು ನಿಯಂತ್ರಕ ಇನ್ನಷ್ಟು ತಳ್ಳುತ್ತದೆ. ಈ ಬಾರಿ ಹಿಡಿತ ಮಿತಿ ಮೀರಿ ಕಾರು ಮುಗ್ಗರಿಸುತ್ತದೆ. ಇಂಥ ಎಡವಟ್ಟನ್ನು ತಪ್ಪಿಸಲು ನಿಯಂತ್ರಕ ಓಡಾಟದ ನಡುವೆಯೇ ಸೋಕುಬಿಂದುವನ್ನು ಮತ್ತೆ ಮತ್ತೆ ಕಲಿಯುತ್ತಿರುತ್ತದೆ. ಇದನ್ನೇ ಅಡಾಪ್ಟೇಷನ್ ಎನ್ನುತ್ತಾರೆ.

ಕಲಿಕೆ ನಡೆಯಲು ಕೆಲವು ಅನುಕೂಲಗಳು ಬೇಕು: ಒಂದೇ ವೇಗದ ಓಟ, ಹದವಾದ ಬಿಸಿ, ಪೂರ್ಣ ನಿಲುಗಡೆಗಳು. ದಿನವೂ ದಟ್ಟಣೆಯಲ್ಲೇ ತೆವಳುವ ಕಾರಿಗೆ ಇವು ವಿರಳ. ಆಗ ಕೋಷ್ಟಕವೂ ತಟ್ಟೆಯೂ ಒಂದಕ್ಕೊಂದು ಹೊಂದದೆ ಹೋಗಬಹುದು. ಈ ಸ್ಥಿತಿಯಲ್ಲಿ ಸರ್ವಿಸ್ ಕೇಂದ್ರದ ಉಪಕರಣದಿಂದ ಮೂಲ ಹೊಂದಾಣಿಕೆಯನ್ನು ಮತ್ತೆ ಮಾಡಿಸಿ, ಬಳಿಕ ಕ್ರಮವಾದ ಕಲಿಕೆಯ ಓಟ ಓಡಿಸಿದರೆ ಗುಣ ಕಾಣುತ್ತದೆ. ಅದು ನಿಲ್ಲುತ್ತದೆ ಕೂಡ.

ಆದರೆ ತಟ್ಟೆಯ ಮೈಯೇ ಕೆಟ್ಟಿದ್ದರೆ ತಂತ್ರಾಂಶ ಮಾಡುವುದು ಬೇರೆಯೇ ಕೆಲಸ. ಹೊಸ ಆವೃತ್ತಿಯು ಅದುರುವ ವಲಯವನ್ನು ಬೇಗ ದಾಟುವಂತೆ ಕ್ಲಚ್ಚನ್ನು ಚುರುಕಾಗಿ ಕೂಡಿಸಬಹುದು, ಎರಡನೆಯ ಗಿಯರಿಗೆ ಏರುವುದನ್ನು ತಡಮಾಡಬಹುದು. ಲಕ್ಷಣ ತಗ್ಗುತ್ತದೆ, ಕಾರಣ ಉಳಿಯುತ್ತದೆ. ಆದ್ದರಿಂದ ತಂತ್ರಾಂಶದ ಬಳಿಕ ಸಿಕ್ಕ ನೆಮ್ಮದಿ ಎಷ್ಟು ದಿನ ಉಳಿಯಿತು ಎಂಬುದೇ ಒಂದು ಪರೀಕ್ಷೆ. ಕೆಲವೇ ವಾರಗಳಲ್ಲಿ ಅದುರಾಟ ಮರಳಿದರೆ ದೋಷ ಕೋಷ್ಟಕದಲ್ಲಿಲ್ಲ, ತಟ್ಟೆಯಲ್ಲಿದೆ.

ಎಣ್ಣೆಯ ಮಾತು

ತೇವದ ಕ್ಲಚ್ಚಿನಲ್ಲಿ ಎಣ್ಣೆಯೇ ಘರ್ಷಣೆಯ ಪಾಲುದಾರ. ಹಿಡಿತವನ್ನು ನಯವಾಗಿಡುವ ರಾಸಾಯನಿಕಗಳು ಅದರಲ್ಲಿ ಬೆರೆತಿರುತ್ತವೆ. ಅವು ತೀರಿದರೆ, ಎಣ್ಣೆ ಸುಟ್ಟರೆ, ಅಥವಾ ಬೇರೆ ಮಾದರಿಯ ಎಣ್ಣೆ ಹಾಕಿದರೆ ಅದುರಾಟ ಬರುತ್ತದೆ. ಸರಿಯಾದ ಮಾದರಿಯ ಹೊಸ ಎಣ್ಣೆಯಿಂದ ಅದು ಹೋಗಲೂಬಹುದು. ಮಟ್ಟವನ್ನು ನಿಗದಿತ ಬಿಸಿಯಲ್ಲೇ ನೋಡಬೇಕು. ಡಿಕ್ಯೂ250ರಲ್ಲಿ ಅದು 35ರಿಂದ 45 ಡಿಗ್ರಿ. ಬಿಸಿಯಾದ ಎಣ್ಣೆ ಹಿಗ್ಗುವುದರಿಂದ, ಬಿಸಿಯಲ್ಲೇ ಮಟ್ಟ ನೋಡಿ ನಿಲ್ಲಿಸಿದರೆ ಪೆಟ್ಟಿಗೆಯಲ್ಲಿ ಎಣ್ಣೆ ಕಡಿಮೆ ಉಳಿಯುತ್ತದೆ.

ಒಣ ಕ್ಲಚ್ಚಿನ ಕಥೆ ಬೇರೆ. ಡಿಕ್ಯೂ200ರಲ್ಲಿ ಎರಡು ಎಣ್ಣೆಗಳಿವೆ: ಹಲ್ಲುಚಕ್ರಗಳಿಗೆ ಒಂದು, ಕ್ಲಚ್ಚನ್ನು ತಳ್ಳುವ ನಿಯಂತ್ರಕ ಘಟಕಕ್ಕೆ ಇನ್ನೊಂದು. ಎರಡೂ ತಟ್ಟೆಯನ್ನು ಸೋಕುವುದಿಲ್ಲ. ಹಲ್ಲುಚಕ್ರದ ಎಣ್ಣೆ ಬದಲಿಸಿದರೆ ಗಿಯರಿಗೆ ಒಳ್ಳೆಯದಾಗಬಹುದು, ಆದರೆ ತಟ್ಟೆಯ ಅದುರಾಟ ಹೋಗಲು ಕಾರಣವೇ ಇಲ್ಲ. ಈ ಪೆಟ್ಟಿಗೆಯ ಎಣ್ಣೆ 2013ರಲ್ಲಿ ಸುದ್ದಿಯಾದದ್ದು ಬೇರೆ ಕಾರಣಕ್ಕೆ. ಬಿಸಿಯೂ ತೇವವೂ ಇರುವ ಹವೆಯಲ್ಲಿ, ದಟ್ಟಣೆಯಲ್ಲಿ ಓಡುವ ಕಾರುಗಳಲ್ಲಿ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ದೋಷ ಉಂಟಾಗಬಹುದೆಂದು ಸುಮಾರು 16 ಲಕ್ಷ ಕಾರುಗಳನ್ನು ಕರೆಸಿ ಖನಿಜ ಎಣ್ಣೆ ತುಂಬಲಾಯಿತು. ಅದರ ಲಕ್ಷಣ ಅದುರಾಟವಲ್ಲ, ಎಳೆತ ತಪ್ಪುವುದು.

ಒಣ ಕ್ಲಚ್ಚಿಗೆ ಎಣ್ಣೆ ಸೋಕುವುದು ಒಂದೇ ದಾರಿಯಿಂದ, ಅದು ಸೋರಿಕೆ. ಗಿಯರ್‌ಬಾಕ್ಸಿನ ಒಳದಂಡದ ಸೀಲು ಅಥವಾ ಎಂಜಿನ್ನಿನ ಹಿಂಬದಿಯ ಸೀಲು ಸೋರಿದರೆ ತಟ್ಟೆಗೆ ಪಸೆ ಹತ್ತುತ್ತದೆ. ಪವರ್‌ಶಿಫ್ಟ್ ಪೆಟ್ಟಿಗೆಯ ಅದುರಾಟದ ಕಾರಣಗಳಲ್ಲಿ ಒಳದಂಡದ ಸೀಲಿನ ಸೋರಿಕೆಯೂ ಒಂದಾಗಿತ್ತು. ಇಲ್ಲಿ ಸೀಲು ಬದಲಿಸದೆ ಕ್ಲಚ್ಚನ್ನು ಮಾತ್ರ ಬದಲಿಸಿದರೆ ಹೊಸ ತಟ್ಟೆಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಒಂದು ಕಾರಿನ ಪ್ರಕರಣ

ಹತ್ತಿರದಿಂದ ಕಂಡ ಒಂದು ಕಾರಿನ ಸಂಗತಿ ಇದು. ಕಾರಿನ ಹೆಸರಾಗಲಿ ಸರ್ವಿಸ್ ಕೇಂದ್ರದ ಹೆಸರಾಗಲಿ ಇಲ್ಲಿ ಬೇಡ. ಏಳು ಗಿಯರಿನ ಒಣ ಕ್ಲಚ್ಚಿನ ಆ ಕಾರು 90,000 ಕಿಲೋಮೀಟರ್ ದಾಟಿತ್ತು. ಯಜಮಾನರ ನಿತ್ಯದ ದಾರಿಯಲ್ಲಿ ರೈಲ್ವೆ ಗೇಟಿನ ಕಡೆಗೆ ಏರುವ ದಿಣ್ಣೆಯೊಂದಿದೆ. ಸಂಜೆ ಅಲ್ಲಿ ಸಾಲು ಕರಗಲು ಕಾಲು ಗಂಟೆ ಬೇಕು. ಬೆಳಗ್ಗೆ ತಣ್ಣಗಿರುವಾಗ ಕಾರು ನಯವಾಗಿ ಓಡುತ್ತಿತ್ತು. ಸಂಜೆ ದಿಣ್ಣೆ ಹತ್ತಿದ ಮೇಲೆ, ನಡೆಯುವ ವೇಗದಲ್ಲಿದ್ದು ಮತ್ತೆ ವೇಗ ಹೆಚ್ಚಿಸುವಾಗ ಅದುರುತ್ತಿತ್ತು. ಮನೆ ಸೇರಿ ಏರಾದ ಅಂಗಳಕ್ಕೆ ರಿವರ್ಸಿನಲ್ಲಿ ಹೋಗುವಾಗಲೂ ಅದುರುತ್ತಿತ್ತು. ಆದರೆ ಪೂರ್ತಿ ನಿಂತ ಸ್ಥಿತಿಯಿಂದ ಮುಂದಕ್ಕೆ ಹೊರಡುವಾಗ ಮಾತ್ರ ಏನೂ ಇರಲಿಲ್ಲ.

ರೋಗದ ಮೂಲ ಈ ಮೂರು ವಾಕ್ಯಗಳಲ್ಲೇ ಇದೆ. ನಿಂತಲ್ಲಿಂದ ಹೊರಡುವುದು ಮೊದಲ ಗಿಯರು, ಅಂದರೆ ಬೆಸ ಕ್ಲಚ್ಚು, ಅದು ಚೆನ್ನಾಗಿದೆ. ತೆವಳುವಾಗ ಎರಡನೆಯ ಗಿಯರು ಮತ್ತು ರಿವರ್ಸು, ಎರಡೂ ಸಮ ಕ್ಲಚ್ಚಿಗೆ ಸೇರಿದವು, ಎರಡೂ ಅದುರುತ್ತವೆ. ಎಂಜಿನ್ನಿನ ಕಿಡಿ ತಪ್ಪುತ್ತಿದ್ದರೆ ಅಥವಾ ಎಂಜಿನ್ ಕಟ್ಟಿನ ರಬ್ಬರು ಹರಿದಿದ್ದರೆ ಅದುರಾಟ ಹೀಗೆ ಗಿಯರು ನೋಡಿ ಬರುತ್ತಿರಲಿಲ್ಲ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ನಡುಗದೆ ಓಡಿದ್ದು ಇದಕ್ಕೆ ಇನ್ನೊಂದು ಸಾಕ್ಷಿ. ಬಿಸಿಯಾದ ಮೇಲೆ ಮಾತ್ರ ಬರುವುದು ತಟ್ಟೆಯ ಮೈ ಕೆಟ್ಟಿರುವುದರ ಗುರುತು. ರಾತ್ರಿಯ ತೇವ ಹೀರಿದ ತಟ್ಟೆಯಾಗಿದ್ದರೆ ಬೆಳಗಿನ ಮೊದಲ ಕೆಲವು ನಿಲುಗಡೆಗಳಲ್ಲಿ ಅದುರಿ, ಆಮೇಲೆ ಸುಮ್ಮನಾಗುತ್ತಿತ್ತು.

ಸರ್ವಿಸ್ ಕೇಂದ್ರದಲ್ಲಿ ಮೊದಲು ಸಿಕ್ಕ ಉತ್ತರ ‘ಸಹಜ ಗುಣ’. ಎರಡನೆಯ ಭೇಟಿಯಲ್ಲಿ ಎಣ್ಣೆ ಬದಲಾಯಿಸಿ ಬಿಲ್ಲು ಕೊಟ್ಟರು, ಬದಲಾವಣೆಯೇನೂ ಕಾಣಲಿಲ್ಲ. ಮೂರನೆಯ ಬಾರಿ ತಂತ್ರಾಂಶ ಮತ್ತು ಹೊಂದಾಣಿಕೆ. ಮೂರು ವಾರ ಕಾರು ಸುಮ್ಮನಿದ್ದು ಮತ್ತೆ ಅದುರತೊಡಗಿತು. ಆಗ ಯಜಮಾನರು ಮೆಕ್ಯಾನಿಕ್ಕನ್ನು ಸಂಜೆಯ ಹೊತ್ತಿಗೇ ಪಕ್ಕದಲ್ಲಿ ಕೂರಿಸಿಕೊಂಡು ಅದೇ ದಿಣ್ಣೆ ಹತ್ತಿಸಿದರು. ಮ್ಯಾನ್ಯುಯಲ್ ಕ್ರಮದಲ್ಲಿ ಮೊದಲ ಗಿಯರಿನಲ್ಲೇ ತೆವಳಿದಾಗ ಅದುರಾಟವಿಲ್ಲ, ಎರಡಕ್ಕೆ ಬಿಟ್ಟಾಗ ಇದೆ. ಮಾತು ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ಇಳಿಸಿ ನೋಡಿದಾಗ ಸಮ ಕ್ಲಚ್ಚಿನ ತಟ್ಟೆ ಗಾಜಿನಂತೆ ಹೊಳೆಯುತ್ತಿತ್ತು. ಅದರ ಎದುರಿನ ಕಬ್ಬಿಣದ ಮೇಲೆ ಕಾದ ನೀಲಿ ಕಲೆಗಳಿದ್ದವು. ಎಣ್ಣೆಯ ಪಸೆ ಇರಲಿಲ್ಲ, ಸೀಲುಗಳು ಸರಿಯಾಗಿದ್ದವು.

ಬದಲಿಸಿದ್ದು ಜೋಡಿ ಕ್ಲಚ್ಚಿನ ಇಡೀ ಕಟ್ಟನ್ನು. ಇಲ್ಲಿ ಅವಸರದ ಕೆಲಸ ನಡೆಯದು. ಎರಡೂ ಕ್ಲಚ್ಚುಗಳ ಬೇರಿಂಗುಗಳ ಎತ್ತರವನ್ನು ಅಳೆದು, ಆ ಅಳತೆಗೆ ತಕ್ಕ ದಪ್ಪದ ಬಿಲ್ಲೆಗಳನ್ನು ಆರಿಸಿ ಹಾಕಬೇಕು. ಅಳೆಯದೆ ಹಳೆಯ ಬಿಲ್ಲೆಗಳನ್ನೇ ಹಾಕಿದರೆ ಹೊಸ ಕ್ಲಚ್ಚೂ ಮೊದಲ ದಿನದಿಂದಲೇ ಅದುರಬಹುದು. ಅದಾದ ಮೇಲೆ ಮೂಲ ಹೊಂದಾಣಿಕೆ, ಆಮೇಲೆ ಕಲಿಕೆಯ ಓಟ. ಕಾರು ಸುಮ್ಮನಾಯಿತು.

ಚಾಲಕನ ಪಾಲು, ತಯಾರಕನ ಪಾಲು

ಮೇಲಿನ ಲೆಕ್ಕದಿಂದ ಚಾಲಕನ ಕೈಯಲ್ಲಿರುವುದೇನು ಎಂಬುದೂ ತಿಳಿಯುತ್ತದೆ. ಮುಂದಿನ ಕಾರು ಒಂದೊಂದು ಅಡಿ ಕದಲಿದಾಗಲೆಲ್ಲ ಕದಲದೆ, ಎರಡು ಕಾರಿನಷ್ಟು ಜಾಗ ತೆರೆದ ಮೇಲೆ ಹೊರಟು, ಕ್ಲಚ್ಚು ಪೂರ್ತಿ ಕೂಡುವ ವೇಗ ಮುಟ್ಟಿ, ಮತ್ತೆ ಪೂರ್ತಿ ನಿಲ್ಲುವುದು ಒಂದು. ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತುವುದು ಎರಡು. ಹಗುರವಾಗಿ ಒತ್ತಿದರೆ ಕ್ಲಚ್ಚು ಬ್ರೇಕಿನ ವಿರುದ್ಧ ಎಳೆಯುತ್ತಲೇ ಇರಬಹುದು. ದಿಣ್ಣೆಯಲ್ಲಿ ಆಕ್ಸಿಲರೇಟರಿನಿಂದ ಕಾರು ಹಿಡಿದಿಡದಿರುವುದು ಮೂರು. ತೆವಳುವ ಸಾಲಿನಲ್ಲಿ ಮ್ಯಾನ್ಯುಯಲ್ ಕ್ರಮಕ್ಕೆ ತಂದು ಮೊದಲ ಗಿಯರಿನಲ್ಲೇ ಇರುವುದು ನಾಲ್ಕು.

ಇವು ಆಯಸ್ಸನ್ನು ಹೆಚ್ಚಿಸುತ್ತವೆ. ಗಾಜಾದ ತಟ್ಟೆಯನ್ನು ಮತ್ತೆ ಹೊಸದು ಮಾಡುವುದಿಲ್ಲ. ಪೇಟೆಯಲ್ಲಿ ಓಡಿಸಲೆಂದೇ ಮಾರಿದ ಕಾರು ಪೇಟೆಯ ದಟ್ಟಣೆಯನ್ನು ತಾಳಬೇಕಾದುದು ತಯಾರಕನ ಹೊಣೆ. ದೂರು ಕೊಡುವವರು ‘ಕಾರು ಅದುರುತ್ತದೆ’ ಎಂದಷ್ಟೇ ಬರೆಸಬಾರದು. ಯಾವ ಗಿಯರು, ಯಾವ ವೇಗ, ಎಷ್ಟು ನಿಮಿಷ ತೆವಳಿದ ಮೇಲೆ, ರಿವರ್ಸಿನಲ್ಲಿ ಉಂಟೇ ಇಲ್ಲವೇ, ಹಿಂದಿನ ತಂತ್ರಾಂಶದ ಗುಣ ಎಷ್ಟು ದಿನ ನಿಂತಿತು ಎಂಬುದನ್ನು ದಿನಾಂಕದೊಂದಿಗೆ ಬರೆದು, ಕೆಲಸದ ಚೀಟಿಯಲ್ಲಿ ಅದೇ ಮಾತುಗಳಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ವಾರಂಟಿ ಮುಗಿಯುವ ಮುನ್ನ ಬರೆಸಿದ ಇಂಥ ಒಂದು ಚೀಟಿ, ಮುಗಿದ ಮೇಲೆ ಆಡುವ ಹತ್ತು ಮಾತಿಗಿಂತ ಹೆಚ್ಚು ತೂಗುತ್ತದೆ.